ಸೀರೆಗೆ ಸೈಜ್ ಎಲ್ಲಿಂದ ಬಂತು? ಆನ್‌ಲೈನ್ ಅಂಗಡಿಯ ವಿಭಾಗ, ಫಿಲ್ಟರ್, ಅಳತೆಗಳ ಒಂದು ಸಮೀಕ್ಷೆ

ಆನ್‌ಲೈನ್ ಸೀರೆ ಅಂಗಡಿಗಳ ಮೆನುವನ್ನು ಒಮ್ಮೆ ಸಾವಧಾನವಾಗಿ ಓದಿ. ಕಾಟನ್, ಸಿಲ್ಕ್, ಕಂಚಿ, ಬನಾರಸಿ, ಮದುವೆ ಸೀರೆ, ಆಫೀಸ್ ಸೀರೆ, ಹೊಸ ಸ್ಟಾಕ್, ಸಾವಿರದೊಳಗಿನವು. ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕಾಟನ್ ಎನ್ನುವುದು ನೂಲಿನ ಮಾತು, ಕಂಚಿ ಊರಿನ ಮಾತು, ಮದುವೆ ಸಂದರ್ಭದ ಮಾತು, ಸಾವಿರದೊಳಗೆ ಎನ್ನುವುದು ಬೆಲೆಯ ಮಾತು. ಮದುವೆಗೆ ಉಡುವ ಕಂಚಿ ರೇಷ್ಮೆ ಸೀರೆಯೊಂದು ಬಂದರೆ ಅದನ್ನು ಎಲ್ಲಿಡಬೇಕು? ಪಟ್ಟಿ ತುಂಬುವವರು ಅವಸರದಲ್ಲಿ ಒಂದೇ ಕಡೆ ಇಡುತ್ತಾರೆ. ‘ಸಿಲ್ಕ್’ ಒತ್ತಿ ಹುಡುಕಿದವರಿಗೆ ಅದು ಸಿಕ್ಕರೆ, ‘ಮದುವೆ ಸೀರೆ’ ಒತ್ತಿದವರಿಗೆ ಕಾಣಿಸುವುದೇ ಇಲ್ಲ. ಸೀರೆ ಗೋಡೌನಿನಲ್ಲಿ ಇದ್ದರೂ ಅಂಗಡಿಯಲ್ಲಿ ಇಲ್ಲದಂತಾಗುತ್ತದೆ.

ಈ ತೊಡಕಿಗೆ ಉತ್ತರ ಕೊಟ್ಟವರು ವ್ಯಾಪಾರಿಗಳಲ್ಲ, ಒಬ್ಬ ಗ್ರಂಥಪಾಲಕರು. ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿಯೇ ಡಿಆರ್‌ಟಿಸಿ ಎಂಬ ತರಬೇತಿ ಮತ್ತು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಒಂದು ಪುಸ್ತಕವನ್ನು ಮರದ ಒಂದೇ ಕೊಂಬೆಗೆ ನೇತುಹಾಕುವ ಬದಲು ಅದರ ಬೇರೆಬೇರೆ ಮುಖಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಬೇಕಾದಾಗ ಜೋಡಿಸಿಕೊಳ್ಳುವುದು ಅವರ ವಿಧಾನ. ಮುಖ್ಯ ವಸ್ತು, ದ್ರವ್ಯ, ಕ್ರಿಯೆ, ಸ್ಥಳ, ಕಾಲ ಎಂಬ ಐದು ಮುಖಗಳನ್ನು ಅವರು ಹೇಳಿದರು. ಇಂದು ಶಾಪಿಂಗ್ ಸೈಟುಗಳ ಎಡಬದಿಯಲ್ಲಿ ಕಾಣುವ ಫಿಲ್ಟರ್‌ಗಳ ಹಿಂದಿರುವುದೂ ಇದೇ ವಿಚಾರ. ಸೀರೆಗಂತೂ ಇದು ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತದೆ: ಸೀರೆಯ ಬಗೆ, ನೂಲು, ನೇಯ್ಗೆ, ನೇಯ್ದ ಊರು, ಉಡುವ ಸಂದರ್ಭ.

ರಂಗನಾಥನ್ ಒತ್ತಿ ಹೇಳಿದ ಒಂದು ನಿಯಮವನ್ನು ಸೀರೆ ಅಂಗಡಿಯವರು ಗೋಡೆಗೆ ಅಂಟಿಸಿಕೊಳ್ಳಬೇಕು ಎಂದು ನನಗೆ ಅನಿಸುತ್ತದೆ. ಒಂದು ಹಂತದಲ್ಲಿ ವಿಭಜಿಸುವಾಗ ಒಂದೇ ಲಕ್ಷಣವನ್ನು ಹಿಡಿಯಬೇಕು. ಮೆನುವಿನ ಮೊದಲ ಸಾಲು ಒಂದೇ ಪ್ರಶ್ನೆಗೆ ಉತ್ತರವಾಗಿರಬೇಕು. ಉಳಿದ ಪ್ರಶ್ನೆಗಳೆಲ್ಲ ಫಿಲ್ಟರ್‌ಗೆ ಹೋಗಬೇಕು.

ಹಾಗಾದರೆ ಆ ಒಂದು ಪ್ರಶ್ನೆ ಯಾವುದು? ನೂಲನ್ನೇ ಮೊದಲ ಪ್ರಶ್ನೆ ಮಾಡುವವರಿದ್ದಾರೆ, ಸಂದರ್ಭವನ್ನು ಮುಂದಿಡುವವರೂ ಇದ್ದಾರೆ. ಬಗೆಬಗೆಯ ಸೀರೆ ಮಾರುವ ಅಂಗಡಿಗೆ ಸೀರೆಯ ಹೆಸರೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಅಂಗಡಿಗೆ ಬಂದವರು ‘ಇಳಕಲ್ ಇದೆಯಾ’, ‘ಮೈಸೂರು ಸಿಲ್ಕ್ ತೋರಿಸಿ’ ಎಂದೇ ಮಾತು ತೆಗೆಯುತ್ತಾರೆ. ಕೌಂಟರಿನಲ್ಲಿರುವ ನುರಿತ ಕೈಯೂ ‘ಯಾವ ತರಹದ್ದು ತೋರಿಸಲಿ ಅಮ್ಮ’ ಎಂದು ಮೊದಲು ಕೇಳಿ, ಆಮೇಲೆ ಬಜೆಟ್ ಕೇಳಿ, ಕೊನೆಗೆ ಬಣ್ಣಕ್ಕೆ ಬರುತ್ತದೆ. ಸಂದರ್ಭ ಇದಕ್ಕೆ ಒಗ್ಗುವುದಿಲ್ಲ. ಒಬ್ಬರು ಆಫೀಸಿಗೆ ಉಡುವ ಸೀರೆಯನ್ನೇ ಇನ್ನೊಬ್ಬರು ಗೃಹಪ್ರವೇಶಕ್ಕೆ ಉಡುತ್ತಾರೆ. ಸಂದರ್ಭವನ್ನು ಆಗಾಗ ಕಟ್ಟಿ ಬಿಚ್ಚುವ ಸಂಗ್ರಹವಾಗಿ ಇಟ್ಟುಕೊಂಡರೆ ಸಾಕು. ವರಮಹಾಲಕ್ಷ್ಮಿಗೆ ಒಂದು, ಗೌರಿ ಹಬ್ಬಕ್ಕೆ ಒಂದು ಸಂಗ್ರಹ ಮಾಡಿ, ಹಬ್ಬ ಮುಗಿದ ಮೇಲೆ ತೆಗೆಯಬಹುದು. ಸೀರೆಯ ಮೂಲ ದಾಖಲೆಯನ್ನು ಮುಟ್ಟಬೇಕಾಗಿಲ್ಲ.

ಹೆಸರಿನಿಂದ ವಿಂಗಡಿಸಲು ಹೊರಟ ಕೂಡಲೇ ಇನ್ನೊಂದು ಗಂಟು ಎದುರಾಗುತ್ತದೆ. ನಮ್ಮ ಸೀರೆಗಳ ಹೆಸರುಗಳು ಊರಿನ ಹೆಸರುಗಳೂ ಹೌದು. ಇಳಕಲ್, ಮೊಳಕಾಲ್ಮೂರು, ಉಡುಪಿ, ಕಾಂಚೀಪುರಂ, ಬನಾರಸ್. ಇವೆಲ್ಲಕ್ಕೂ ಭೌಗೋಳಿಕ ಸೂಚಕದ ನೋಂದಣಿ ಇದೆ. ಅಂದರೆ ನಿಗದಿತ ಪ್ರದೇಶದಲ್ಲಿ ನಿಗದಿತ ರೀತಿಯಲ್ಲಿ ನೇಯ್ದ ಸೀರೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಆದರೆ ಮಾರುಕಟ್ಟೆಯಲ್ಲಿ ಬನಾರಸಿ ಎಂದು ಮಾರುವ ಎಷ್ಟೋ ಸೀರೆಗಳು ಸೂರತ್‌ನ ಪವರ್‌ಲೂಮಿನಲ್ಲಿ ಪಾಲಿಯೆಸ್ಟರ್ ನೂಲಿನಿಂದ ತಯಾರಾದವು. ‘ಸೆಮಿ ಕಂಚಿ’, ‘ಆರ್ಟ್ ಸಿಲ್ಕ್’, ‘ಸಾಫ್ಟ್ ಸಿಲ್ಕ್’ ಎಂಬ ಮಾತುಗಳು ಕೊಳ್ಳುವವರಿಗೆ ಏನನ್ನೂ ಖಚಿತವಾಗಿ ಹೇಳುವುದಿಲ್ಲ. ‘ಸಾಫ್ಟ್ ಸಿಲ್ಕ್’ ಹೆಸರಿನಲ್ಲಿ ಅಪ್ಪಟ ರೇಷ್ಮೆಯೂ ಬರುತ್ತದೆ, ರೇಷ್ಮೆಯ ಎಳೆಯೇ ಇಲ್ಲದ್ದೂ ಬರುತ್ತದೆ.

ಇದನ್ನು ಬಿಡಿಸಬೇಕಾದರೆ ಒಂದು ಹೆಸರಿನೊಳಗೆ ಅಡಗಿರುವ ಮೂರು ಸಂಗತಿಗಳನ್ನು ಮೂರು ಬೇರೆ ಖಾನೆಗಳಲ್ಲಿ ಬರೆಯಬೇಕು. ಸೀರೆಯ ಬಗೆ ಯಾವುದು, ನೇಯ್ದದ್ದು ಎಲ್ಲಿ, ನೇಯ್ದದ್ದು ಕೈಮಗ್ಗವೋ ಪವರ್‌ಲೂಮೋ. ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಅದು ‘ಇಳಕಲ್’ ವಿಭಾಗಕ್ಕೆ ಹೋಗಬೇಕೋ, ‘ಇಳಕಲ್ ಮಾದರಿ’ ಎಂಬ ಬೇರೆ ವಿಭಾಗಕ್ಕೆ ಹೋಗಬೇಕೋ ಎಂದು ತೀರ್ಮಾನಿಸಬಹುದು. ಮಾದರಿ ಸೀರೆ ಮಾರುವುದು ತಪ್ಪಲ್ಲ. ಹಗುರವಾದ, ಕಡಿಮೆ ಬೆಲೆಯ, ಮನೆಯಲ್ಲೇ ಒಗೆಯಬಹುದಾದ ಸೀರೆ ಬೇಕಾದವರು ಬಹಳ ಮಂದಿ ಇದ್ದಾರೆ. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿದಾಗ ಮಾತ್ರ ನೇಕಾರನ ಸೀರೆ ದುಬಾರಿಯಾಗಿಯೂ ಮಾದರಿ ಸೀರೆ ಮೋಸವಾಗಿಯೂ ಕಾಣುತ್ತದೆ. ಎರಡಕ್ಕೂ ಅನ್ಯಾಯ. ಸಿಲ್ಕ್ ಮಾರ್ಕ್, ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್ ಇರುವ ಸೀರೆಗಳಿಗೆ ಅದನ್ನು ದಾಖಲಿಸುವ ಖಾನೆಯೂ ಬೇಕು. ಲೇಬಲ್ ಇಲ್ಲದಿದ್ದರೆ ಆ ಖಾನೆ ಖಾಲಿಯಿರಲಿ. ಅಂದಾಜಿನ ಮೇಲೆ ತುಂಬುವುದು ಬೇಡ.

ನೂಲಿನ ಖಾನೆ ಇನ್ನೂ ಸೂಕ್ಷ್ಮ. ಸೀರೆಯ ಒಡಲು, ಅಂಚು, ಸೆರಗು ಒಂದೇ ನೂಲಿನವಾಗಿರಬೇಕೆಂದಿಲ್ಲ. ಇಳಕಲ್ ಸೀರೆಯನ್ನೇ ನೋಡಿ. ಒಡಲಿನ ಹಾಸು ಹತ್ತಿಯದು, ಅಂಚು ಮತ್ತು ಸೆರಗಿನ ಹಾಸು ಕೃತಕ ರೇಷ್ಮೆಯದು, ಹೀಗಿರುವ ಸೀರೆಗಳು ಸಾಕಷ್ಟಿವೆ. ಒಡಲೂ ಸೆರಗೂ ಅಪ್ಪಟ ರೇಷ್ಮೆಯಾಗಿರುವವೂ ಇವೆ. ‘ಬಟ್ಟೆ’ ಎಂಬ ಒಂದೇ ಖಾನೆ ಇದ್ದರೆ ಮೊದಲನೆಯದನ್ನು ಒಬ್ಬರು ಕಾಟನ್ ಎಂದೂ ಮತ್ತೊಬ್ಬರು ಸಿಲ್ಕ್ ಕಾಟನ್ ಎಂದೂ ಬರೆಯುತ್ತಾರೆ. ಎರಡನೆಯ ಬರಹ ಸುಳ್ಳು, ಏಕೆಂದರೆ ಅದರಲ್ಲಿ ರೇಷ್ಮೆ ಇಲ್ಲ. ಒಳಗಿನ ದಾಖಲೆಯಲ್ಲಿ ಒಡಲು, ಅಂಚು, ಸೆರಗು ಮೂರರ ನೂಲನ್ನೂ ಬೇರೆಬೇರೆ ಬರೆದು, ಕೊಳ್ಳುವವರಿಗೆ ಕಾಣುವ ಫಿಲ್ಟರಿನಲ್ಲಿ ‘ಹತ್ತಿ’, ‘ಹತ್ತಿ ಮತ್ತು ಕೃತಕ ರೇಷ್ಮೆ’, ‘ಹತ್ತಿ ಮತ್ತು ರೇಷ್ಮೆ’, ‘ಅಪ್ಪಟ ರೇಷ್ಮೆ’ ಎಂಬಂಥ ನಾಲ್ಕೈದು ಆಯ್ಕೆಗಳನ್ನು ಮಾತ್ರ ಇಡಬೇಕು. ಒಳಗೆ ವಿವರ ಹೆಚ್ಚಿರಬೇಕು, ಹೊರಗೆ ಆಯ್ಕೆ ಕಡಿಮೆಯಿರಬೇಕು.

ಬಣ್ಣಕ್ಕೂ ಇದೇ ಮಾತು ಸಲ್ಲುತ್ತದೆ. ಗಿಳಿ ಹಸಿರು, ದಾಳಿಂಬೆ ಕೆಂಪು, ಆನಂದ ನೀಲಿ, ರಾಮಾ ಗ್ರೀನ್ ಎಂಬ ಹೆಸರುಗಳು ಸೀರೆಯ ವಿವರಣೆಯಲ್ಲಿ ಬರಲೇಬೇಕು, ಅವುಗಳಲ್ಲಿ ಒಂದು ಸೊಗಸಿದೆ. ಆದರೆ ಅವನ್ನೇ ಫಿಲ್ಟರಿಗೆ ಹಾಕಿದರೆ ಹಸಿರು ಹುಡುಕುವವರು ಆರೇಳು ಕಡೆ ಒತ್ತಬೇಕಾಗುತ್ತದೆ. ಫಿಲ್ಟರಿಗೆ ಹತ್ತು ಹನ್ನೆರಡು ಬಣ್ಣಗಳು ಸಾಕು. ಅವು ಒಡಲಿನ ಬಣ್ಣವನ್ನು ಮಾತ್ರ ಹೇಳಬೇಕು. ಇಳಕಲ್ ಸೀರೆಯ ಸೆರಗಿನಲ್ಲಿ ಕೆಂಪು ಬಂದೇ ಬರುತ್ತದೆ. ಸೆರಗಿನ ಬಣ್ಣವನ್ನೂ ಸೇರಿಸಿ ಲೆಕ್ಕ ಹಾಕಿದರೆ ‘ಕೆಂಪು’ ಒತ್ತಿದವರಿಗೆ ಅಂಗಡಿಯ ಇಳಕಲ್ ಸೀರೆಗಳೆಲ್ಲವೂ ಎದುರು ಬಂದು ನಿಲ್ಲುತ್ತವೆ. ಅಂಚಿನ ಬಣ್ಣಕ್ಕೆ ಎರಡನೆಯ ಫಿಲ್ಟರ್ ಇಡಬಹುದು, ಏಕೆಂದರೆ ‘ಹಸಿರಿಗೆ ಕೆಂಪು ಅಂಚು’ ಎಂದು ಕೇಳುವುದು ನಮ್ಮಲ್ಲಿ ಸಾಮಾನ್ಯ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾಗಿ ಬೆಳಕಿಗೆ ಎರಡಾಗಿ ಹೊಳೆಯುವ ಸೀರೆಗೆ ಎರಡು ಬಣ್ಣಗಳನ್ನೂ ಕೊಡಬೇಕು. ಅದನ್ನು ಯಾವುದೋ ಒಂದಕ್ಕೆ ಕಟ್ಟಿಹಾಕಿದರೆ ಸೀರೆಯ ಗುಣವೇ ಹೋಗುತ್ತದೆ.

ಫಿಲ್ಟರ್ ನಡೆದುಕೊಳ್ಳುವ ರೀತಿಯಲ್ಲಿ ಒಂದು ತರ್ಕವಿದೆ. ಒಂದೇ ಗುಂಪಿನೊಳಗೆ ಎರಡು ಆಯ್ಕೆ ಒತ್ತಿದರೆ ಅದರ ಅರ್ಥ ‘ಇದು ಅಥವಾ ಅದು’. ಕೆಂಪು, ಹಸಿರು ಎರಡನ್ನೂ ಒತ್ತಿದವರಿಗೆ ಎರಡೂ ಬಣ್ಣದ ಸೀರೆಗಳು ಬರಬೇಕು. ಬೇರೆಬೇರೆ ಗುಂಪುಗಳಲ್ಲಿ ಒತ್ತಿದರೆ ‘ಇದೂ ಇರಬೇಕು, ಅದೂ ಇರಬೇಕು’. ಕೆಂಪು ಮತ್ತು ಕೈಮಗ್ಗ ಒತ್ತಿದವರಿಗೆ ಕೈಮಗ್ಗದ ಕೆಂಪು ಸೀರೆ ಮಾತ್ರ. ಇದು ತಲೆಕೆಳಗಾದ ಸೈಟುಗಳಲ್ಲಿ ಎರಡು ಬಣ್ಣ ಒತ್ತಿದೊಡನೆ ‘ಏನೂ ಸಿಗಲಿಲ್ಲ’ ಎಂಬ ಪುಟ ಬರುತ್ತದೆ. ಪ್ರತಿ ಆಯ್ಕೆಯ ಪಕ್ಕದಲ್ಲಿ ಎಷ್ಟು ಸೀರೆಗಳಿವೆ ಎಂದು ತೋರಿಸುವುದೂ ಅಷ್ಟೇ ಮುಖ್ಯ. ಕೊಳ್ಳುವವರು ಖಾಲಿ ಪುಟಕ್ಕೆ ಹೋಗುವುದು ತಪ್ಪುತ್ತದೆ.

ಆ ಸಂಖ್ಯೆಗಳಿಂದ ಅಂಗಡಿಯವರಿಗೂ ಒಂದು ಪರೀಕ್ಷೆ ಸಿಗುತ್ತದೆ. ಅಂಗಡಿಯಲ್ಲಿ 240 ಸೀರೆಗಳಿವೆ ಎಂದಿಟ್ಟುಕೊಳ್ಳೋಣ. ಒಂದು ಸೀರೆಗೆ ನೂಲಿನ ಒಂದೇ ಆಯ್ಕೆ ಸಲ್ಲುವುದಾದರೆ ನೂಲಿನ ಫಿಲ್ಟರಿನ ಸಂಖ್ಯೆಗಳನ್ನು ಕೂಡಿದಾಗಲೂ 240 ಬರಬೇಕು. 197 ಬಂದರೆ ಉಳಿದ 43 ಸೀರೆಗಳ ನೂಲಿನ ಖಾನೆಯನ್ನು ಯಾರೂ ತುಂಬಿಲ್ಲ ಎಂದರ್ಥ. ಯಾರು ನೂಲಿನ ಫಿಲ್ಟರ್ ಒತ್ತಿದರೂ ಆ 43 ಮಾಯ. ಯಾವ ದೋಷಸೂಚನೆಯೂ ಬರುವುದಿಲ್ಲ, ಯಾರೂ ದೂರುವುದಿಲ್ಲ, ಸೀರೆಗಳು ಸುಮ್ಮನೆ ಮಾರಾಟವಾಗದೆ ಉಳಿಯುತ್ತವೆ. ‘ಇತರೆ’ ಎಂಬ ಆಯ್ಕೆ ದೊಡ್ಡದಾಗುತ್ತಿದ್ದರೆ ಅದೂ ಇದೇ ಕಾಯಿಲೆಯ ಲಕ್ಷಣ. ವೂಕಾಮರ್ಸ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅದರಲ್ಲಿ ಗುಣಲಕ್ಷಣಗಳನ್ನು ಇಡೀ ಅಂಗಡಿಗೆ ಸಾಮಾನ್ಯವಾಗಿಯೂ ಮಾಡಬಹುದು, ಒಂದೊಂದು ಸೀರೆಯ ಪುಟದಲ್ಲಿ ಪ್ರತ್ಯೇಕವಾಗಿಯೂ ಟೈಪ್ ಮಾಡಬಹುದು. ಅದರದೇ ಫಿಲ್ಟರ್ ಹಿಡಿಯುವುದು ಸಾಮಾನ್ಯ ಗುಣಲಕ್ಷಣಗಳನ್ನು ಮಾತ್ರ. ಪುಟದಲ್ಲಿ ‘ಕಾಟನ್’ ಎಂದು ಕಣ್ಣಿಗೆ ಕಾಣುತ್ತಿದ್ದರೂ ಫಿಲ್ಟರಿಗೆ ಸಿಗದಿದ್ದರೆ ಕಾರಣ ಹೆಚ್ಚಾಗಿ ಇದೇ.

ಇನ್ನು ಅಳತೆಯ ವಿಷಯ. ಹೆಚ್ಚು ನಷ್ಟ ಆಗುವುದು ಇಲ್ಲಿ.

ಆನ್‌ಲೈನ್ ಅಂಗಡಿಯ ತಂತ್ರಾಂಶಗಳನ್ನು ರೂಪಿಸಿದ್ದು ಅಂಗಿ, ಷೂ ಮಾರುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದು ಅಂಗಿಗೆ ನಾಲ್ಕು ಸೈಜ್, ಮೂರು ಬಣ್ಣ, ಒಟ್ಟು ಹನ್ನೆರಡು ವೇರಿಯಂಟ್, ಪ್ರತಿಯೊಂದಕ್ಕೂ ಬೇರೆ ಸ್ಟಾಕ್. ಸೀರೆಗೆ ಆ ಅರ್ಥದಲ್ಲಿ ಸೈಜ್ ಇಲ್ಲ. ಆದರೂ ಸೀರೆ ಕೊಳ್ಳುವಾಗ ಅಳತೆಯ ಮಾತು ಕಡಿಮೆಯೆಂದರೂ ಮೂರು ಕಡೆ ಬರುತ್ತದೆ. ಸೀರೆ ಎಷ್ಟು ಉದ್ದ? ಬ್ಲೌಸ್ ಯಾವ ಅಳತೆಗೆ? ಫಾಲ್, ಪಿಕೋ, ಕುಚ್ಚು ಹಾಕಿಸಬೇಕೇ? ಇವುಗಳನ್ನೆಲ್ಲ ವೇರಿಯಂಟ್ ಎಂದುಕೊಂಡು ಒಂದೇ ಪಟ್ಟಿಗೆ ತುಂಬುವುದು ಸಾಮಾನ್ಯ ತಪ್ಪು. ನಾಲ್ಕು ಬಣ್ಣ, ಎರಡು ಉದ್ದ, ಏಳು ಬ್ಲೌಸ್ ಅಳತೆ, ಫಾಲ್ ಬೇಕು ಅಥವಾ ಬೇಡ. ಗುಣಿಸಿದರೆ 112 ವೇರಿಯಂಟ್‌ಗಳು. ಶಾಪಿಫೈಯಲ್ಲಿ ಒಂದು ಉತ್ಪನ್ನಕ್ಕೆ ಬಹುಕಾಲ 100 ವೇರಿಯಂಟ್‌ಗಳ ಮಿತಿ ಇತ್ತು. ಈಗ ಅದು 2,048ಕ್ಕೆ ಏರಿದೆ. ಆಯ್ಕೆಯ ಬಗೆಗಳು ಮಾತ್ರ ಈಗಲೂ ಮೂರನ್ನು ಮೀರುವಂತಿಲ್ಲ, ಮೇಲಿನ ಲೆಕ್ಕದಲ್ಲಿ ನಾಲ್ಕಿವೆ. ಆದರೆ ಮಿತಿ ಎಷ್ಟೇ ಸಡಿಲವಾದರೂ ಮೂಲ ತೊಂದರೆ ಹಾಗೇ ಉಳಿಯುತ್ತದೆ, ಏಕೆಂದರೆ ಅದು ಸ್ಟಾಕಿನ ತೊಂದರೆ.

ಒಂದು ಇಳಕಲ್ ಸೀರೆಯನ್ನು ಹಿಡಿದು ಇದನ್ನು ನೋಡೋಣ. ಇಳಕಲ್ ಸೀರೆಯ ಗುರುತು ತೋಪ್ ತೆನಿ ಸೆರಗು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆ ತಯಾರಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಹಾಗಾಗಿ ಅಂಥ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಮಾಡಬೇಕು. ನಮ್ಮ ಕೈಯಲ್ಲಿರುವುದು ಗೋಮಿ ಅಂಚಿನ ಹಸಿರು ಸೀರೆ, ಅದೂ ಒಂದೇ ಒಂದು. ಅಂಗಡಿಯವರು ಬ್ಲೌಸ್ ಅಳತೆಯನ್ನು ವೇರಿಯಂಟ್ ಮಾಡಿ 32ರಿಂದ 44ರವರೆಗೆ ಎರಡೆರಡು ಇಂಚಿನ ಅಂತರದಲ್ಲಿ ಏಳು ಅಳತೆ ಇಟ್ಟು, ಪ್ರತಿಯೊಂದಕ್ಕೂ ಸ್ಟಾಕ್ 1 ಎಂದು ಬರೆದರೆ, ತಂತ್ರಾಂಶದ ಲೆಕ್ಕದಲ್ಲಿ ಅಂಗಡಿಯಲ್ಲಿ ಏಳು ಸೀರೆಗಳಿವೆ. ಹಬ್ಬದ ವಾರದಲ್ಲಿ ಒಬ್ಬರು 36 ಒತ್ತಿ, ಇನ್ನೊಬ್ಬರು 40 ಒತ್ತಿ ಹಣ ಕಟ್ಟುತ್ತಾರೆ. ಸೀರೆ ಮಾತ್ರ ಒಂದು. ಎರಡನೆಯವರಿಗೆ ಹಣ ವಾಪಸ್ ಮಾಡಿ ಕ್ಷಮೆ ಕೇಳಬೇಕು. ಒಮ್ಮೆ ಹೀಗಾದ ಗಿರಾಕಿ ಮತ್ತೆ ಬರುವುದು ಕಷ್ಟ.

ಇದನ್ನು ತಪ್ಪಿಸಲು ನಾನು ಹೇಳುವ ಒರೆಗಲ್ಲು ಒಂದೇ. ಕಪಾಟಿನಲ್ಲಿ ಬೇರೆಯಾಗಿ ಎಣಿಸಿ ಇಡಬಹುದಾದದ್ದು ಮಾತ್ರ ವೇರಿಯಂಟ್. ಸೀರೆಯ ಉದ್ದ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಇಳಕಲ್‌ನಲ್ಲಿ ಆರು, ಎಂಟು, ಒಂಬತ್ತು ಗಜದ ಸೀರೆಗಳಿವೆ. ಅವನ್ನು ಮಗ್ಗದಲ್ಲೇ ಆ ಉದ್ದಕ್ಕೆ ನೇಯ್ದಿರುತ್ತಾರೆ, ಕಪಾಟಿನಲ್ಲಿ ಬೇರೆಬೇರೆ ಕಟ್ಟಾಗಿ ಇರುತ್ತವೆ. ರೆಡಿಮೇಡ್ ಬ್ಲೌಸ್ ಕೂಡ ಗೆಲ್ಲುತ್ತದೆ, ಆದರೆ ಬ್ಲೌಸ್ ಎಂಬ ಬೇರೆ ಉತ್ಪನ್ನವಾಗಿ. ಅದರ ಏಳು ಅಳತೆಗಳಿಗೂ ನಿಜವಾಗಿಯೇ ಬೇರೆ ಸ್ಟಾಕ್ ಇರುತ್ತದೆ. ಸೀರೆಯ ಜೊತೆಗೆ ಬರುವ ಬ್ಲೌಸ್ ಪೀಸನ್ನು ಹೊಲಿದು ಕೊಡುವುದು, ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅವು ಆರ್ಡರ್ ಬಂದ ಮೇಲೆ ಮಾಡುವ ಕೆಲಸಗಳು. ಅಲ್ಲಿ ಅಳತೆ ಎಂಬುದು ದರ್ಜಿಗೆ ಕೊಡುವ ಸೂಚನೆ, ಸ್ಟಾಕ್ ಅಲ್ಲ.

ತಂತ್ರಾಂಶದಲ್ಲಿ ಇದನ್ನು ಮಾಡುವ ದಾರಿ ಬೇರೆಬೇರೆ. ವೂಕಾಮರ್ಸ್‌ನಲ್ಲಿ ಸ್ಟಾಕನ್ನು ಉತ್ಪನ್ನದ ಮಟ್ಟದಲ್ಲಿ ಮಾತ್ರ ನಮೂದಿಸಿ, ವೇರಿಯಂಟ್ ಮಟ್ಟದಲ್ಲಿ ಸ್ಟಾಕ್ ನಿರ್ವಹಣೆಯನ್ನು ಗುರುತು ಮಾಡದೆ ಬಿಟ್ಟರೆ ಎಲ್ಲ ವೇರಿಯಂಟ್‌ಗಳೂ ಒಂದೇ ಸ್ಟಾಕನ್ನು ಹಂಚಿಕೊಳ್ಳುತ್ತವೆ. ಒಬ್ಬರು 36 ಕೊಂಡ ಕೂಡಲೇ ಉಳಿದ ಆರೂ ಮುಚ್ಚುತ್ತವೆ. ಶಾಪಿಫೈಯಲ್ಲಿ ಪ್ರತಿ ವೇರಿಯಂಟಿಗೂ ಅದರದೇ ಸ್ಟಾಕ್ ಇರುವುದರಿಂದ, ಹೊಲಿಗೆಯ ಅಳತೆಯನ್ನು ಆರ್ಡರಿನ ಸಾಲಿಗೆ ಅಂಟುವ ಟಿಪ್ಪಣಿಯಾಗಿ ಪಡೆದು, ಹೊಲಿಗೆಯ ಕೂಲಿಯನ್ನು ಬೇರೊಂದು ಸೇವೆಯಾಗಿ ಕಾರ್ಟಿಗೆ ಸೇರಿಸುವುದು ಒಳ್ಳೆಯದು. ಆ ಟಿಪ್ಪಣಿಯೊಂದರಿಂದಲೇ ಬೆಲೆ ಬದಲಾಗುವುದಿಲ್ಲ ಎಂಬುದು ನೆನಪಿರಲಿ.

ನಮ್ಮ ಹಸಿರು ಸೀರೆಯ ದಾಖಲೆ ಕೊನೆಗೆ ಹೀಗಿರುತ್ತದೆ.

```json
{
  "sku": "ILK-0147",
  "type": "ilkal",
  "woven_at": "ilkal",
  "loom": "handloom",
  "body_yarn": "cotton",
  "border_yarn": "art-silk",
  "pallu_yarn": "art-silk",
  "border_design": "gomi",
  "body_colour": ["green"],
  "saree_cm": 550,
  "blouse_cm": 80,
  "qty": 1
}
```

ಇಲ್ಲಿ ಉದ್ದವನ್ನು ‘ಫ್ರೀ ಸೈಜ್’ ಎಂದು ಬರೆಯದೆ ಸೆಂಟಿಮೀಟರಿನಲ್ಲಿ ಎರಡು ಭಾಗವಾಗಿ ಬರೆಯಲು ಕಾರಣವಿದೆ. ಆರು ಗಜವೆಂದರೆ ಸುಮಾರು 5.5 ಮೀಟರ್. ಬ್ಲೌಸ್ ಪೀಸ್ ಸೇರಿದರೆ ಸುಮಾರು 6.3. ಒಂದು ಅಂಗಡಿ ಪೂರ್ತಿ ಉದ್ದವನ್ನು ಹೇಳುತ್ತದೆ, ಇನ್ನೊಂದು ಸೀರೆಯ ಉದ್ದವನ್ನಷ್ಟೇ ಹೇಳುತ್ತದೆ. 5.5 ಮೀಟರ್ ಎಂದು ಕೊಂಡ ಸೀರೆಯಿಂದಲೇ ಬ್ಲೌಸ್ ಕತ್ತರಿಸಬೇಕಾಗಿ ಬಂದರೆ ಉಡಲು ಉಳಿಯುವುದು 4.7 ಮೀಟರ್. ನೆರಿಗೆ ಕಡಿಮೆಯಾಗಿ ಸೆರಗು ಮೊಟಕಾಗುತ್ತದೆ, ಎತ್ತರದವರಿಗಂತೂ ಉಡಲಾಗುವುದಿಲ್ಲ. ‘ಉದ್ದ ಸಾಲದು’ ಎಂಬ ಕಾರಣಕ್ಕೆ ಸೀರೆಗಳು ವಾಪಸ್ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಎರಡು ಖಾನೆಗಳನ್ನು. ಎಂಟು ಗಜ ಸುಮಾರು 7.3 ಮೀಟರ್, ಒಂಬತ್ತು ಗಜ 8.2 ಮೀಟರ್. ಕಚ್ಚೆ ಹಾಕಿ ಉಡುವವರು ಹುಡುಕುವುದು ಇವನ್ನೇ. ಅವರಿಗೆ ಉದ್ದದ ಫಿಲ್ಟರ್ ಇಲ್ಲದಿದ್ದರೆ ಪ್ರತಿ ಸೀರೆಯ ವಿವರಣೆಯನ್ನೂ ತೆರೆದು ಓದಬೇಕಾದ ಪಾಡು. ಸಾಮಾನ್ಯವಾಗಿ ಇದನ್ನು ಕೇಳುವವರು ವಯಸ್ಸಾದ ಹೆಂಗಸರು ಅಥವಾ ಅವರಿಗಾಗಿ ಕೊಳ್ಳುವ ಮಕ್ಕಳು ಎಂಬುದನ್ನು ನೆನೆದರೆ ಇದನ್ನು ಸರಿಮಾಡದೆ ಬಿಡಲು ಮನಸ್ಸು ಬಾರದು.

ಬ್ಲೌಸಿನ ಅಳತೆಗೂ ಸ್ಪಷ್ಟತೆ ಬೇಕು. 38 ಎಂದರೆ ಮೈಯ ಎದೆಸುತ್ತಳತೆಯೋ, ಹೊಲಿದ ಬ್ಲೌಸಿನ ಸುತ್ತಳತೆಯೋ? ಎರಡಕ್ಕೂ ವ್ಯತ್ಯಾಸವಿದೆ. ಜೊತೆಗೆ ರೆಡಿಮೇಡ್ ಬ್ಲೌಸಿನ ಒಳಗೆ ಬಿಚ್ಚಿ ಸಡಿಲಿಸಲು ಮಾರ್ಜಿನ್ ಬಟ್ಟೆ ಇರುತ್ತದೆ. ಅಳತೆಪಟ್ಟಿಯಲ್ಲಿ ಮೂರನ್ನೂ ಬರೆದರೆ ಗಿರಾಕಿಗೆ ತಾನು ಯಾವುದನ್ನು ಆರಿಸಬೇಕೆಂದು ತಿಳಿಯುತ್ತದೆ. ಇನ್ನು 80 ಸೆಂಟಿಮೀಟರ್ ಬ್ಲೌಸ್ ಪೀಸು ದೊಡ್ಡ ಅಳತೆಗೆ, ಮೊಣಕೈವರೆಗಿನ ತೋಳಿಗೆ ಸಾಲದೆ ಹೋಗಬಹುದು. ಬಟ್ಟೆಯ ಪನ್ನ ಎಷ್ಟಿದೆ ಎಂಬುದರ ಮೇಲೆ ಇದು ನಿಂತಿದೆ. ಆದ್ದರಿಂದ ಯಾವ ಅಳತೆಯವರೆಗೆ ಹೊಲಿದು ಕೊಡಬಹುದೆಂದು ದರ್ಜಿಯನ್ನು ಕೇಳಿ, ಅದಕ್ಕಿಂತ ಹೆಚ್ಚಿನ ಅಳತೆಯನ್ನು ಆ ಸೀರೆಗೆ ತೋರಿಸದಿರುವುದು ಒಳ್ಳೆಯದು. ಪೀಸನ್ನು ಕತ್ತರಿಸಿದ ಮೇಲೆ ಸೀರೆಯನ್ನು ಮತ್ತೊಬ್ಬರಿಗೆ ಮಾರಲಾಗದು. ಹೊಲಿಗೆ ಬಯಸಿದ ಆರ್ಡರಿಗೆ ವಾಪಸಾತಿ ಇಲ್ಲ ಎಂಬುದು ಹಣ ಕಟ್ಟುವ ಮೊದಲೇ ಕಾಣಿಸಬೇಕು.

ಹುಡುಕಾಟದ ಪೆಟ್ಟಿಗೆಯ ಬಗ್ಗೆ ಒಂದು ಮಾತು. ಇಳಕಲ್ ಎಂಬುದನ್ನು ಜನ ilkal, ilakal, ilkkal ಎಂದೆಲ್ಲ ಟೈಪ್ ಮಾಡುತ್ತಾರೆ, ಕನ್ನಡದಲ್ಲಿ ಇಲಕಲ್ಲ ಎಂದೂ ಬರೆಯುತ್ತಾರೆ. ಇವೆಲ್ಲವನ್ನೂ ಒಂದೇ ವಿಭಾಗಕ್ಕೆ ಕಟ್ಟುವ ಸಮಾನಾರ್ಥಕಗಳ ಪಟ್ಟಿ ಬೇಕು. ಏನೂ ಸಿಗದ ಹುಡುಕಾಟಗಳನ್ನು ಆಗಾಗ ತೆರೆದು ನೋಡಿದರೆ ಆ ಪಟ್ಟಿಯನ್ನು ಗಿರಾಕಿಗಳೇ ಬರೆದುಕೊಟ್ಟಿರುತ್ತಾರೆ.

ಫಿಲ್ಟರ್‌ಗಳಿಂದ ಹುಟ್ಟುವ ಪುಟಗಳ ಸಂಖ್ಯೆಯೂ ಒಂದು ಹೊರೆ. ಐದು ನೂಲು, ಹನ್ನೆರಡು ಬಣ್ಣ, ಆರು ಬೆಲೆಯ ಹಂತ ಎಂದರೆ ಒಂದೊಂದನ್ನೇ ಆರಿಸಿದರೂ 360 ಜೋಡಣೆಗಳು. ಪ್ರತಿಯೊಂದಕ್ಕೂ ಬೇರೆ ವಿಳಾಸ ಹುಟ್ಟಿದರೆ ಗೂಗಲ್ ಅವುಗಳಲ್ಲೇ ಸುತ್ತುತ್ತ ಸೀರೆಯ ಪುಟಗಳಿಗೆ ತಡವಾಗಿ ಬರುತ್ತದೆ. ಜನ ನಿಜವಾಗಿ ಹುಡುಕುವ ಕೆಲವನ್ನು, ಉದಾಹರಣೆಗೆ ಇಳಕಲ್ ಕೈಮಗ್ಗದ ಸೀರೆ ಅಥವಾ ಒಂಬತ್ತು ಗಜದ ಸೀರೆಯಂಥವನ್ನು, ಶೀರ್ಷಿಕೆ ಮತ್ತು ವಿವರಣೆ ಬರೆದು ಸ್ವಂತ ಪುಟಗಳಾಗಿ ಮಾಡಿ, ಉಳಿದ ಜೋಡಣೆಗಳಿಗೆ canonical ಗುರುತಿನಲ್ಲಿ ಮೂಲ ವಿಭಾಗವನ್ನು ತೋರಿಸಿದರೆ ಆ ಹೊರೆ ಕ್ರಮೇಣ ಇಳಿಯಬಹುದು.

ಒಂದೇ ಒಂದಿದ್ದ ಹಸಿರು ಸೀರೆ ಮಾರಾಟವಾದ ಮೇಲೆ ಅದರ ಪುಟವನ್ನು ಏನು ಮಾಡಬೇಕು? ಅಳಿಸಿಬಿಡುವವರೇ ಹೆಚ್ಚು. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಬಂದವರು ಆಗ ದೋಷದ ಪುಟ ಕಂಡು ಹಿಂದಿರುಗುತ್ತಾರೆ. ಪುಟವನ್ನು ಉಳಿಸಿ, ‘ಮಾರಾಟವಾಗಿದೆ’ ಎಂದು ಬರೆದು, ಬಗೆ, ನೂಲು, ಒಡಲಿನ ಬಣ್ಣ ಈ ಮೂರು ಖಾನೆಗಳು ಹೊಂದುವ ಸೀರೆಗಳನ್ನು ಕೆಳಗೆ ತೋರಿಸಬಹುದು. ಫಿಲ್ಟರಿನ ಎಣಿಕೆಯಿಂದ ಮಾತ್ರ ಅದನ್ನು ತೆಗೆಯಬೇಕು. ನೇಕಾರರೊಡನೆ ನೇರ ಸಂಪರ್ಕ ಇರುವ ಅಂಗಡಿಯಾದರೆ ಅದೇ ಪುಟದಲ್ಲಿ ‘ಇಂಥದ್ದೇ ನೇಯ್ಸಿ ಕೊಡಿ’ ಎಂಬ ಕೋರಿಕೆಯನ್ನೂ ಪಡೆಯಬಹುದು. ಅಂಚಿನ ಹೆಸರು, ನೂಲು, ಉದ್ದ ಎಲ್ಲವೂ ದಾಖಲೆಯಲ್ಲಿ ಇರುವುದರಿಂದ ಆ ಆರ್ಡರನ್ನು ಹಾಗೆಯೇ ಇಳಕಲ್‌ಗೆ ಕಳಿಸಬಹುದು.